ಮೂರು ಚುಕ್ಕಿ ಬೀಳುವ ಮೊದಲು

ಗೂಗಲ್‌ನಲ್ಲಿ ಹುಡುಕಿದಾಗ ಪ್ರತಿ ಫಲಿತಾಂಶದಲ್ಲೂ ಒಂದು ನೀಲಿ ಶೀರ್ಷಿಕೆ, ಅದರ ಕೆಳಗೆ ಒಂದೆರಡು ಸಾಲಿನ ವಿವರಣೆ ಇರುತ್ತದೆ. ಪುಟ ಕಟ್ಟುವವರು ಇವೆರಡನ್ನೂ ಪುಟದ ಕೋಡಿನ ತಲೆಭಾಗದಲ್ಲಿ ಬರೆದಿಟ್ಟಿರುತ್ತಾರೆ. ಮೊದಲನೆಯದು ಟೈಟಲ್ ಟ್ಯಾಗ್, ಎರಡನೆಯದು ಮೆಟಾ ಡಿಸ್ಕ್ರಿಪ್ಷನ್.

ಶೀರ್ಷಿಕೆಗೆ ಅರುವತ್ತು ಅಕ್ಷರ ಸಾಕು ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಆ ಲೆಕ್ಕ ಇಂಗ್ಲಿಷಿನದು. ಗೂಗಲ್ ಅಕ್ಷರ ಎಣಿಸುವುದಿಲ್ಲ, ಪರದೆಯಲ್ಲಿ ಸಿಕ್ಕ ಅಗಲ ನೋಡಿ ಕತ್ತರಿಸುತ್ತದೆ. ಕಂಪ್ಯೂಟರಿನಲ್ಲಿ ಅದು ಸುಮಾರು 600 ಪಿಕ್ಸೆಲ್. ಕನ್ನಡದ ಅಕ್ಷರಗಳು ದುಂಡಗೆ, ಅಗಲವಾಗಿವೆ. ಮೇಲಾಗಿ ಎಣಿಸುವ ಉಪಕರಣಗಳಿಗೆ ‘ಕನ್ನಡ’ ಮೂರಕ್ಷರವಲ್ಲ. ವಿರಾಮ ಚಿಹ್ನೆಯನ್ನೂ ಒತ್ತಿನ ನಕಾರವನ್ನೂ ಬೇರೆಯಾಗಿ ಲೆಕ್ಕ ಹಿಡಿದು ಐದು ಎನ್ನುತ್ತವೆ. ಆದ್ದರಿಂದ ಅಂಕಿಯನ್ನು ನಂಬುವ ಬದಲು ಪರದೆಯ ಮೇಲೆ ನೋಡುವುದೇ ಸರಿ.

ಇಳಕಲ್ ಸೀರೆ ಮಾರುವ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಅದರ ಶೀರ್ಷಿಕೆ ಹೀಗಿದೆ: ‘ಮುಖಪುಟ | ಗುಣಮಟ್ಟಕ್ಕೆ ಹೆಸರಾದ ನಮ್ಮ ಅಂಗಡಿಗೆ ತಮಗೆಲ್ಲ ಆದರದ ಸ್ವಾಗತ | ಇಳಕಲ್ ಸೀರೆ’. ಸ್ವಾಗತದ ಹೊತ್ತಿಗೇ ಜಾಗ ಮುಗಿದು ಮೂರು ಚುಕ್ಕಿ ಬೀಳುತ್ತವೆ; ಜನ ಹುಡುಕಿದ ಸೀರೆ ಕತ್ತರಿಗೆ ಹೋಗುತ್ತದೆ. ತಿದ್ದಿದರೆ ಹೀಗಾಗುತ್ತದೆ:

```html
<title>ಇಳಕಲ್ ಸೀರೆ: ನೇಕಾರರಿಂದ ನೇರ ಖರೀದಿ</title>
<meta name="description" content="ಹತ್ತಿ, ರೇಷ್ಮೆಯ ಇಳಕಲ್ ಸೀರೆ 2,500 ರೂಪಾಯಿಯಿಂದ. ಅಂಚು, ಸೆರಗು ಫೋಟೊದಲ್ಲಿ ನೋಡಿ ಆರಿಸಿ.">
```

ಹುಡುಕುವ ಪದ ಮೊದಲು ಬಂತು, ಈ ಅಂಗಡಿಯನ್ನೇ ಆರಿಸಲು ಕಾರಣ ಅದರ ಬೆನ್ನಿಗೇ ಬಂತು. ವಿವರಣೆಗೆ ಜಾಗ ಇನ್ನಷ್ಟಿದೆ, ಆದರೆ ಫೋನಿನಲ್ಲಿ ಅದು ಬೇಗ ತುಂಡಾಗುತ್ತದೆ. ಅದಕ್ಕೇ ಬೆಲೆ ಮೊದಲ ವಾಕ್ಯದಲ್ಲಿದೆ. ಆ ಬೆಲೆ ಪುಟದೊಳಗೂ ಇರಲೇಬೇಕು. ಇಲ್ಲದಿದ್ದರೆ ಬಂದವರು ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ.

ಇಷ್ಟು ಮಾಡಿದರೂ ಗೂಗಲ್ ನಮ್ಮ ಮಾತನ್ನೇ ತೋರಿಸುತ್ತದೆಂಬ ಖಾತ್ರಿಯಿಲ್ಲ. ಶೀರ್ಷಿಕೆ ಪುಟಕ್ಕೆ ಹೊಂದದಿದ್ದರೆ ಒಳಗಿನ ದೊಡ್ಡ ತಲೆಬರಹವನ್ನು ಎತ್ತಿಕೊಳ್ಳಬಹುದು. ಹುಡುಕಿದ ಪ್ರಶ್ನೆಗೆ ವಿವರಣೆ ಉತ್ತರವಾಗದಿದ್ದರೆ ಪುಟದ ಇನ್ನಾವುದೋ ವಾಕ್ಯ ಅಲ್ಲಿ ಬಂದು ಕೂರುತ್ತದೆ. ಎಲ್ಲ ಪುಟಗಳಿಗೂ ಒಂದೇ ಸಾಲು ಅಂಟಿಸಿದವರಿಗೆ ಹೀಗಾಗುವುದು ಹೆಚ್ಚು.

ತಿದ್ದಿದ್ದು ಫಲಿಸಿತೇ ಎಂಬುದನ್ನು ಗೂಗಲ್‌ನ ಉಚಿತ ಸರ್ಚ್ ಕನ್ಸೋಲ್‌ನಲ್ಲಿ ನೋಡಬಹುದು. ಪುಟ 2,000 ಸಲ ಕಾಣಿಸಿಕೊಂಡು 40 ಸಲ ಕ್ಲಿಕ್ ಆದರೆ ಕ್ಲಿಕ್ ಪ್ರಮಾಣ ಶೇಕಡಾ 2. ತಿದ್ದಿ ಕೆಲವು ವಾರಗಳಾದ ಮೇಲೆ ಅಷ್ಟೇ ಸಲ ಕಂಡು 70 ಕ್ಲಿಕ್ ಬಂದರೆ ಅದು ಶೇಕಡಾ 3.5 ಆಯಿತು. ಹಿಗ್ಗುವ ಮೊದಲು ಪಕ್ಕದ ಸರಾಸರಿ ಸ್ಥಾನದ ಅಂಕಣ ನೋಡಿ. ಎಂಟನೆಯ ಸ್ಥಾನದಿಂದ ನಾಲ್ಕಕ್ಕೆ ಏರಿದ್ದರೆ ಕ್ಲಿಕ್ ತಂದದ್ದು ಆ ಏರಿಕೆಯೂ ಇರಬಹುದು. ಸ್ಥಾನ ಎಂಟರಲ್ಲೇ ನಿಂತು, ಹಬ್ಬ–ಮದುವೆಯ ಸುಗ್ಗಿಯೂ ಅಲ್ಲದ ಹೊತ್ತಿನಲ್ಲಿ ಕ್ಲಿಕ್ ಹೆಚ್ಚಿದ್ದರೆ ಹೊಸ ಶೀರ್ಷಿಕೆ ಕೆಲಸ ಮಾಡಿದೆ ಎನ್ನಬಹುದು.