ಮೂಲೆ ತಿರುಗಿದ ಮೇಲೆ ಮೂಡುವ ಅಲೆಗಳು

ತ್ರೀಡಿ ಪ್ರಿಂಟರ್‌ನ ವೇಗ ಏರಿಸಿ ಒಂದು ಚೌಕ ಡಬ್ಬಿ ಮಾಡಿದರೆ, ಪ್ರತಿ ಮೂಲೆಯ ಪಕ್ಕದ ಗೋಡೆಯ ಮೇಲೆ ನಾಲ್ಕಾರು ಅಲೆಗಳು ಸಾಲಾಗಿ ಮೂಡುತ್ತವೆ. ಮೂಲೆಗೆ ಹತ್ತಿರದ ಅಲೆ ಎದ್ದು ಕಾಣುತ್ತದೆ, ಮುಂದಿನವು ಕ್ರಮೇಣ ಮಾಸಿಹೋಗುತ್ತವೆ. ಗೋಡೆಯಲ್ಲಿ ಅಕ್ಷರ ಕೊರೆದಿದ್ದರೆ ಅದರ ಅಂಚಿನ ಹಿಂದೆಯೂ ಅದೇ ಅಂಚಿನ ಮಸುಕು ನೆರಳುಗಳು ಬೀಳುತ್ತವೆ. ಈ ದೋಷಕ್ಕೆ ರಿಂಗಿಂಗ್ ಅಥವಾ ಘೋಸ್ಟಿಂಗ್ ಎನ್ನುತ್ತಾರೆ.

ಇದಕ್ಕೆ ಕಾರಣ ಯಂತ್ರದ ಬಳುಕು. ನಾಝಲ್ ಹೊತ್ತ ತಲೆಯನ್ನು ಮೋಟಾರು ರಬ್ಬರ್ ಬೆಲ್ಟಿನ ಮೂಲಕ ಎಳೆಯುತ್ತದೆ. ಬೆಲ್ಟು ಸ್ವಲ್ಪ ಹಿಗ್ಗುತ್ತದೆ, ಚೌಕಟ್ಟು ಸ್ವಲ್ಪ ಬಾಗುತ್ತದೆ. ಹಾಗಾಗಿ ಮೋಟಾರು ನಿಂತ ಕ್ಷಣಕ್ಕೇ ತಲೆ ನಿಲ್ಲುವುದಿಲ್ಲ; ನಿಲ್ಲಬೇಕಾದ ಜಾಗದ ಆಚೆ ಈಚೆ ಕೆಲವು ಸಲ ಓಲಾಡುತ್ತದೆ. ಎಕ್ಸ್ ದಿಕ್ಕಿನಲ್ಲಿ ಬಂದ ತಲೆ ಮೂಲೆಯಲ್ಲಿ ವೈ ದಿಕ್ಕಿಗೆ ತಿರುಗಿತು ಎನ್ನಿ. ಎಕ್ಸ್ ದಿಕ್ಕಿನ ಓಲಾಟ ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ವೈ ದಿಕ್ಕಿನ ಗೋಡೆ ಶುರುವಾಗಿರುತ್ತದೆ. ನೆಟ್ಟಗಿರಬೇಕಾದ ಗೆರೆ ಒಳಗೂ ಹೊರಗೂ ಸರಿಯುತ್ತ ಸಾಗುತ್ತದೆ. ಪ್ರತಿ ಪದರದಲ್ಲೂ ಅದೇ ಜಾಗದಲ್ಲಿ ಹೀಗಾಗುವುದರಿಂದ ಗೋಡೆಯುದ್ದಕ್ಕೂ ನಿಲುವಾದ ಪಟ್ಟೆಗಳು ಕಾಣುತ್ತವೆ.

ಅಲೆ ಎಷ್ಟು ಎತ್ತರ ಏಳುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ವೇಗೋತ್ಕರ್ಷ, ಅಂದರೆ ವೇಗ ಎಷ್ಟು ಬೇಗ ಏರಿಳಿಯುತ್ತದೆ ಎಂಬುದು. ಸೆಕೆಂಡಿಗೆ 40 ಸಲ ಓಲಾಡುವ ತಲೆಗೆ 3,000 ಮಿಮೀ/ಸೆ² ವೇಗೋತ್ಕರ್ಷ ಕೊಟ್ಟರೆ ಅದು ಸುಮಾರು 0.05 ಮಿಮೀ ಜಗ್ಗುತ್ತದೆ. ಓರೆ ಬೆಳಕಿನಲ್ಲಿ ಕಣ್ಣಿಗೆ ಬೀಳಲು ಇಷ್ಟು ಸಾಕು. ವೇಗೋತ್ಕರ್ಷವನ್ನು 500ಕ್ಕೆ ಇಳಿಸಿದರೆ ಜಗ್ಗು ಆರನೇ ಒಂದು ಪಾಲಾಗುತ್ತದೆ, ಆದರೆ ಮುದ್ರಣ ಬಹಳ ನಿಧಾನವಾಗುತ್ತದೆ.

ಎರಡು ಅಲೆಗಳ ನಡುವಿನ ಅಂತರವನ್ನು ನಿರ್ಧರಿಸುವುದು ಮಾತ್ರ ವೇಗವೇ. ಅಂತರವನ್ನು ಅಳೆದರೆ ಯಂತ್ರದ ಕಂಪನದ ಆವರ್ತನ ಗೊತ್ತಾಗುತ್ತದೆ. ಸೆಕೆಂಡಿಗೆ 100 ಮಿಮೀ ವೇಗದಲ್ಲಿ ಮಾಡಿದ ಗೋಡೆಯಲ್ಲಿ 6 ಅಲೆಗಳು 15 ಮಿಮೀ ಜಾಗ ಹಿಡಿದಿದ್ದರೆ ಒಂದು ಅಲೆಯ ಉದ್ದ 2.5 ಮಿಮೀ. 100 ಅನ್ನು 2.5ರಿಂದ ಭಾಗಿಸಿದರೆ ಆವರ್ತನ 40 ಹರ್ಟ್ಜ್. ವೇಗ ದುಪ್ಪಟ್ಟಾದರೆ ಅಲೆಗಳ ಅಂತರವೂ ದುಪ್ಪಟ್ಟಾಗಬೇಕು. ಅಂತರ ಬದಲಾಗದೆ, ಅಲೆಗಳು ಮಾಸದೆ ಇಡೀ ಗೋಡೆಯನ್ನು ತುಂಬಿದ್ದರೆ ಅದು ರಿಂಗಿಂಗ್ ಅಲ್ಲ. ದೋಷವನ್ನು ಬೆಲ್ಟಿನ ಹಲ್ಲುಗಳಲ್ಲೋ ಮೋಟಾರಿನಲ್ಲೋ ಹುಡುಕಬೇಕು.

ಆವರ್ತನ ತಿಳಿದ ಮೇಲೆ ಇನ್‌ಪುಟ್ ಶೇಪಿಂಗ್‌ನ ಕೆಲಸ. 40 ಹರ್ಟ್ಜ್ ಎಂದರೆ ಒಂದು ಓಲಾಟಕ್ಕೆ 25 ಮಿಲಿಸೆಕೆಂಡು. ಮೋಟಾರಿಗೆ ಹೋಗಬೇಕಾದ ಆಜ್ಞೆಯನ್ನು ತಂತ್ರಾಂಶ ಎರಡು ಪಾಲು ಮಾಡುತ್ತದೆ. ಮೊದಲ ಪಾಲು ಕೂಡಲೇ ಹೋಗುತ್ತದೆ, ಎರಡನೆಯದು 12.5 ಮಿಲಿಸೆಕೆಂಡು ತಡವಾಗಿ. ಮೊದಲ ಪಾಲು ಎಬ್ಬಿಸಿದ ಕಂಪನ ಒಂದು ಕಡೆಗೆ ವಾಲುವಾಗ ಎರಡನೆಯದರ ಕಂಪನ ಎದುರು ಕಡೆಗೆ ವಾಲುತ್ತದೆ, ಎರಡೂ ಸೇರಿ ಅಳಿದುಹೋಗುತ್ತವೆ. ಅಷ್ಟು ಹೊತ್ತಿಗೆ ಮೊದಲ ಕಂಪನ ತುಸು ಕುಗ್ಗಿರುವುದರಿಂದ ಎರಡನೇ ಪಾಲು ಮೊದಲನೆಯದಕ್ಕಿಂತ ಚಿಕ್ಕದಾಗಿರುತ್ತದೆ. ಅಮೆರಿಕದ ಎಂಐಟಿಯಲ್ಲಿ ನೀಲ್ ಸಿಂಗರ್ ಮತ್ತು ವಾರೆನ್ ಸೀರಿಂಗ್ ಈ ವಿಧಾನವನ್ನು ರೂಪಿಸಿ 1990ರಲ್ಲಿ ಪ್ರಕಟಿಸಿದರು. ಕ್ರೇನಿಗೆ ತೂಗುಬಿದ್ದ ಹೊರೆಯ ತೂಗಾಟ ತಡೆಯಲೂ ಇದನ್ನು ಬಳಸುತ್ತಾರೆ. ಹವ್ಯಾಸಿಗಳ ಪ್ರಿಂಟರ್‌ಗಳಿಗೆ 2020ರಲ್ಲಿ ಕ್ಲಿಪ್ಪರ್ ಎಂಬ ಮುಕ್ತ ತಂತ್ರಾಂಶದ ಮೂಲಕ ಇದು ಬಂತು. ಅದರಲ್ಲಿ ಬರೆಯಬೇಕಾದದ್ದು ಇಷ್ಟೇ:

```
[input_shaper]
shaper_freq_x: 40
shaper_type_x: mzv
```

ಅಲೆ ಎಣಿಸುವ ಬದಲು ADXL345 ಎಂಬ ಪುಟ್ಟ ಸಂವೇದಕವನ್ನು ತಲೆಗೆ ಬಿಗಿದು, ಯಂತ್ರವನ್ನು ಬೇರೆ ಬೇರೆ ಆವರ್ತನಗಳಲ್ಲಿ ಅಲುಗಾಡಿಸಿಯೂ ಅಳೆಯಬಹುದು.

ಈ ವಿಧಾನಕ್ಕೆ ತೆರಬೇಕಾದ ಬೆಲೆಯೂ ಇದೆ. ಆಜ್ಞೆ ಕಾಲದಲ್ಲಿ ಹರಡಿಕೊಳ್ಳುವುದರಿಂದ ಚೂಪಾದ ಮೂಲೆ ತುಸು ದುಂಡಗಾಗುತ್ತದೆ. ಆವರ್ತನ ಕಡಿಮೆಯಿದ್ದಷ್ಟೂ, ವೇಗೋತ್ಕರ್ಷ ಹೆಚ್ಚಿದಷ್ಟೂ ಇದು ಹೆಚ್ಚು. ಇನ್ನೊಂದು ತೊಡಕು ಆವರ್ತನವೇ ಬದಲಾಗುವುದು. ತಳಹಲಗೆಯೇ ಹಿಂದೆ ಮುಂದೆ ಓಡುವ ಪ್ರಿಂಟರ್‌ಗಳಲ್ಲಿ ವಸ್ತು ಬೆಳೆದಂತೆ ಹಲಗೆಯ ಮೇಲಿನ ಭಾರ ಏರಿ ಆವರ್ತನ ಇಳಿಯುತ್ತದೆ. ಎರಡೇ ಪಾಲಿನ ಸರಳ ವಿಧಾನ ಆಗ ಗುರಿ ತಪ್ಪುತ್ತದೆ. ಹೆಚ್ಚು ಪಾಲುಗಳಿರುವ `ei`ಯಂಥ ಬಗೆಗಳು ಈ ವ್ಯತ್ಯಾಸವನ್ನು ತಾಳಿಕೊಳ್ಳುತ್ತವೆ, ಆದರೆ ಮೂಲೆಯನ್ನು ಇನ್ನಷ್ಟು ದುಂಡಗೆ ಮಾಡುತ್ತವೆ. ಸಡಿಲ ಬೆಲ್ಟು, ಬಿಗಿಯದ ತಿರುಪು, ಅಲುಗಾಡುವ ಮೇಜು ಇದ್ದರೆ ಕಂಪನಕ್ಕೆ ನಿಶ್ಚಿತ ಆವರ್ತನವೇ ಇರುವುದಿಲ್ಲ. ಆದ್ದರಿಂದ ಮೊದಲು ಇವನ್ನು ಸರಿಪಡಿಸಿ, ಆಮೇಲೆ ಆವರ್ತನ ಅಳೆಯಬೇಕು. ಬೆಲ್ಟನ್ನು ಮತ್ತೆ ಬಿಗಿದಾಗಲೆಲ್ಲ ಹೊಸದಾಗಿ ಅಳೆಯಬೇಕು.