ಬಿಸಿಲು ತೂರಿದ ಕೂದಲಿಗೆ ಹೊಸ ಬಣ್ಣ

ಇಳಿಬಿಸಿಲಿಗೆ ಬೆನ್ನು ಮಾಡಿ ನಿಂತವರ ಫೋಟೊದಲ್ಲಿ ತಲೆಯ ಸುತ್ತ ಚಿನ್ನದ ಅಂಚೊಂದು ಹೊಳೆಯುತ್ತದೆ. ಫೋಟೊಗ್ರಾಫರುಗಳು ಅದನ್ನು ರಿಮ್ ಲೈಟ್ ಎನ್ನುತ್ತಾರೆ. ಮದುವೆಗೆ ಮುಂಚಿನ ಫೋಟೊಶೂಟುಗಳಲ್ಲಿ ಈ ಅಂಚಿಗಾಗಿಯೇ ಸೂರ್ಯ ಇಳಿಯುವವರೆಗೆ ಕಾಯುವುದುಂಟು. ಇಂಥದೊಂದು ಫೋಟೊದಲ್ಲಿ ಹುಡುಗಿಯ ಕಪ್ಪು ಕೂದಲನ್ನು ಬರ್ಗಂಡಿ ಮಾಡಬೇಕು ಎಂದುಕೊಳ್ಳಿ. ಫೋಟೊಶಾಪ್ ಬಲ್ಲವರಿಗೆಲ್ಲ ತಿಳಿದಿರುವ ದಾರಿ ಒಂದಿದೆ: ಕೂದಲನ್ನು ಸೆಲೆಕ್ಟ್ ಮಾಡಿ, ಮೇಲೆ ಬರ್ಗಂಡಿಯ ಲೇಯರ್ ಹಾಕಿ, ಬ್ಲೆಂಡ್ ಮೋಡ್ ಅನ್ನು Color ಮಾಡುವುದು. ನೆರಳಿನಲ್ಲಿ ತೆಗೆದ ಫೋಟೊಗೆ ಇಷ್ಟು ಸಾಕು. ಹಿಂಬೆಳಕಿನ ಫೋಟೊದಲ್ಲಿ ಮಾತ್ರ ಅಂಚಿನ ಚಿನ್ನವೆಲ್ಲ ಪೇಲವ ಗುಲಾಬಿಗೆ ತಿರುಗುತ್ತದೆ, ನೋಡಿದವರಿಗೆ ಏನೋ ಅಂಟಿಸಿದಂತೆ ಕಾಣುತ್ತದೆ.

ಇದಕ್ಕೆ ಕಾರಣ ಕೂದಲಿನೊಳಗೆ ಬೆಳಕು ಹಾಯುವ ರೀತಿಯಲ್ಲಿದೆ. ಸ್ಟೀಫನ್ ಮಾರ್ಶ್ನರ್ ಮತ್ತು ಸಂಗಡಿಗರು 2003ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ಗಾಗಿ ಕೂದಲಿನ ಒಂದು ಮಾದರಿಯನ್ನು ಪ್ರಕಟಿಸಿದರು. ಅದರ ಪ್ರಕಾರ ಒಂದು ಎಳೆಗೆ ಬಿದ್ದ ಬೆಳಕು ಮುಖ್ಯವಾಗಿ ಮೂರು ದಾರಿ ಹಿಡಿಯುತ್ತದೆ. ಒಂದು ಪಾಲು ಮೇಲ್ಮೈಗೆ ತಾಗಿ ಹಾಗೆಯೇ ಚಿಮ್ಮುತ್ತದೆ. ಇನ್ನೊಂದು ಎಳೆಯನ್ನು ತೂರಿಕೊಂಡು ಆಚೆ ಬರುತ್ತದೆ. ಮೂರನೆಯದು ಒಳಹೊಕ್ಕು ಹಿಂಬದಿಯ ಗೋಡೆಗೆ ಬಡಿದು, ಬಂದ ಕಡೆಗೇ ಮರಳುತ್ತದೆ. ಸೂರ್ಯ ಹಿಂದಿದ್ದು ಕ್ಯಾಮೆರಾ ಮುಂದಿದ್ದಾಗ ನಮಗೆ ಬೇಕಾದವು ಮೊದಲ ಎರಡು. ಮೇಲ್ಮೈಯಿಂದ ಚಿಮ್ಮಿದ ಬೆಳಕು ಬಣ್ಣದ ಕಣಗಳನ್ನು ಮುಟ್ಟಿಯೇ ಇಲ್ಲವಾದ್ದರಿಂದ ಅದಕ್ಕೆ ಸೂರ್ಯನ ಬಣ್ಣವೇ. ತೂರಿ ಬಂದದ್ದಕ್ಕೆ ಕೂದಲಿನ ಬಣ್ಣ ಹತ್ತಿರುತ್ತದೆ. ಅಚ್ಚ ಕಪ್ಪು ಎನ್ನುವ ಕೂದಲೂ ಬಿಸಿಲಿಗೆದುರಾಗಿ ಬಿಡಿಬಿಡಿಯಾಗಿ ಹಾರಿದಾಗ ಕೆಂಗಂದು ಕಾಣುವುದು ಇದರಿಂದಲೇ. ಅದರ ಮೆಲನಿನ್ ನೀಲಿಯನ್ನು ಹೆಚ್ಚು ನುಂಗಿ, ಕೆಂಪನ್ನು ಅಷ್ಟಿಷ್ಟು ಬಿಟ್ಟುಕೊಡುತ್ತದೆ.

ಪುನರ್ಪುಳಿ ಶರಬತ್ತಿನ ಲೋಟವನ್ನು ಕಿಟಕಿಗೆ ಹಿಡಿದರೆ ಇದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ: ನಡುವೆ ಗಾಢ, ಅಂಚಿನ ತೆಳುವಿನಲ್ಲಿ ಬೆಳಗುವ ಕೆಂಪು, ಗಾಜಿನ ಮೇಲಿನ ಮಿಂಚು ಮಾತ್ರ ಬಿಳಿ. ಕೂದಲಿನಲ್ಲೂ ಹೀಗೆ ಮೂರು ವಲಯಗಳಿವೆ. ಮೂರಕ್ಕೂ ಒಂದೇ ಲೇಯರ್ ಹಾಕಿದ್ದರಿಂದಲೇ ಕೆಲಸ ಕೆಟ್ಟಿದ್ದು.

ಎಷ್ಟು ಕೆಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಅಂಚಿನ ಒಂದು ಪಿಕ್ಸೆಲ್‌ನಲ್ಲಿ ಕೆಂಪು 235, ಹಸಿರು 190, ನೀಲಿ 130 ಇದೆ ಎನ್ನೋಣ, ಅಂದರೆ ಹೊಂಬಣ್ಣ. ನಮ್ಮ ಬರ್ಗಂಡಿ 110, 34, 51. Color ಮೋಡ್ ಕೆಳಗಿನ ಚಿತ್ರದ ಪ್ರಕಾಶವನ್ನು ಕಾಯ್ದುಕೊಂಡು ಬಣ್ಣವನ್ನಷ್ಟೇ ಬದಲಿಸುತ್ತದೆ. ಹಾಗಾಗಿ ಗಾಢ ಬರ್ಗಂಡಿಯನ್ನು ಅಂಚಿನ ಪ್ರಕಾಶಕ್ಕೆ ಎತ್ತಬೇಕಾಗುತ್ತದೆ, ಎತ್ತಿದರೆ ಸಿಗುವುದು ಸುಮಾರು 248, 172, 189. ಇದೇ ಆ ಪೇಲವ ಗುಲಾಬಿ. ನಿಜವಾದ ಕೂದಲು ಹೀಗೆ ವರ್ತಿಸುವುದಿಲ್ಲ, ತನ್ನ ಮೂಲಕ ಹೋಗುವ ಬೆಳಕನ್ನು ಅದು ಸೋಸುತ್ತದೆ. ಸೋಸುವ ಲೆಕ್ಕ ಫೋಟೊಶಾಪ್‌ನಲ್ಲಿ Multiply ಎಂಬ ಹೆಸರಿನಲ್ಲಿದೆ: ಎರಡು ಬಣ್ಣಗಳ ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸುವುದು. ಅಂಚಿಗೆ 225, 110, 90ರ ತಿಳಿಗೆಂಪನ್ನು Multiply ಮಾಡಿದರೆ ಅದೇ ಪಿಕ್ಸೆಲ್ 207, 82, 46 ಆಗುತ್ತದೆ. ಬೆಳಕು ಒಳಗಿಂದ ಬಂದಂತಿರುವ ತಾಮ್ರಗೆಂಪು. ಸ್ವಲ್ಪ ಮಂಕಾಯಿತು ಎನಿಸಿದರೆ ಲೇಯರ್‌ನ Opacity ಅನ್ನು ಶೇ. 60ಕ್ಕೆ ಇಳಿಸಬೇಕು, ಹೊಳಪು ಒಂದಿಷ್ಟು ಮರಳುತ್ತದೆ.

ಇಲ್ಲಿ ಗಿರಾಕಿಯಿಂದ ಒಂದು ತಕರಾರು ಬರುವುದುಂಟು: "ನಾನು ಕೇಳಿದ್ದು ಬರ್ಗಂಡಿ, ಅಂಚೇಕೆ ಕಿತ್ತಳೆ?" ಹಳದಿ ಬಿಸಿಲು ಬರ್ಗಂಡಿಯನ್ನು ತೂರಿದರೆ ಕಿತ್ತಳೆಯ ಕಡೆಗೇ ವಾಲುತ್ತದೆ. ಪಾರ್ಲರಿನಲ್ಲಿ ನಿಜವಾಗಿ ಬಣ್ಣ ಹಾಕಿಸಿಕೊಂಡು ಅದೇ ಜಾಗದಲ್ಲಿ ನಿಂತಿದ್ದರೂ ಅಂಚು ಬಿಸಿಲಿನ ಕಡೆಗೇ ಓಲುತ್ತಿತ್ತು.

ಇನ್ನು ಮಾಸ್ಕ್. ನಮ್ಮ ಫೋಟೊದಲ್ಲಿ ಹಿನ್ನೆಲೆ ನೆರಳಿನ ಮಾವಿನ ತೋಪು ಎಂದಿಟ್ಟುಕೊಂಡರೆ ಅದೃಷ್ಟ ನಮ್ಮ ಕಡೆಗಿದೆ. Channels ಪ್ಯಾನೆಲ್‌ನಲ್ಲಿ ಕೆಂಪು ಚಾನೆಲ್ ತೆರೆದರೆ ಹಸಿರೆಲೆಗಳು ಕಪ್ಪಾಗಿ, ಬಿಸಿಲು ಹಿಡಿದ ಎಳೆಗಳು ಬೆಳ್ಳಗೆ ಕಾಣುತ್ತವೆ. ಅದರ ನಕಲು ಮಾಡಿ, Levels ನ ಕಪ್ಪು ಗುಂಡಿಯನ್ನು ಎಲೆಗಳು ಪೂರ್ತಿ ಕಪ್ಪಾಗುವವರೆಗೆ ಸರಿಸಬೇಕು. ಬಿಳಿ ಗುಂಡಿಯನ್ನು ಮುಟ್ಟಬಾರದು. ಅಂಚಿನ ಎಳೆ ಪಿಕ್ಸೆಲ್‌ಗಿಂತ ಸಪೂರವಾಗಿರುತ್ತದೆ, ಹಾಗಾಗಿ ಆ ಪಿಕ್ಸೆಲ್‌ನಲ್ಲಿ ಕೂದಲೂ ತೋಪೂ ಬೆರೆತಿರುತ್ತವೆ. ಮಾಸ್ಕ್‌ನ ಬೂದು ಬಣ್ಣ ಆ ಬೆರಕೆಯ ಪ್ರಮಾಣವನ್ನು ಹೆಚ್ಚುಕಡಿಮೆ ಹೇಳುತ್ತದೆ. ಎಳೆಗಳು ಚೆನ್ನಾಗಿ ಕಾಣಲೆಂದು ಅದನ್ನು ಅಚ್ಚ ಬಿಳಿ ಮಾಡಿದರೆ ಬಣ್ಣವೆಲ್ಲ ತೋಪಿಗೆ ಸೋರಿ, ತಲೆಯ ಸುತ್ತ ಕಂದು ಮಸಿ ಕಟ್ಟುತ್ತದೆ. ಎಲೆಗಳ ಸಂದಿನಿಂದ ಇಣುಕುವ ಬಿಸಿಲಿನ ಚುಕ್ಕೆಗಳು, ಮುಖ, ಬಟ್ಟೆ ಕೂಡ ಈ ಚಾನೆಲ್‌ನಲ್ಲಿ ಬೆಳ್ಳಗಿರುತ್ತವೆ. ಅವುಗಳ ಮೇಲೆ ಬ್ರಷ್‌ನಿಂದ ಕಪ್ಪು ಬಳಿಯಬೇಕು. ಕಿವಿಯನ್ನು ಮರೆಯುವವರು ಬಹಳ. ಹಿಂಬಿಸಿಲಿಗೆ ಕಿವಿಯೂ ಕೆಂಪಾಗಿ ಬೆಳಗುತ್ತದೆ, ಅದು ರಕ್ತದ ಕೆಂಪು, ಅದರ ಪಾಡಿಗೆ ಬಿಡಬೇಕು.

ಹಿನ್ನೆಲೆ ಬಿಳಿ ಆಕಾಶವಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಹೊಳೆಯುವ ಎಳೆಗೂ ಆಕಾಶಕ್ಕೂ ವ್ಯತ್ಯಾಸವೇ ಇರದೆ ಯಾವ ಚಾನೆಲ್ಲೂ ಎರಡನ್ನು ಬೇರ್ಪಡಿಸಲಾರದು. ಆಗ ಬೇರ್ಪಡುವಷ್ಟನ್ನು ಬದಲಿಸಿ, ಕರಗಿಹೋದ ಎಳೆಗಳನ್ನು ಹಾಗೆಯೇ ಬಿಡುವುದೇ ಸರಿ.

ಮಿಂಚನ್ನು ಉಳಿಸಲು ಮಾಸ್ಕ್ ಬೇಕಿಲ್ಲ. Multiply ಲೇಯರ್‌ನ Blend If ನಲ್ಲಿ Underlying Layer ಎಂಬ ಪಟ್ಟಿಯ ಬಿಳಿ ಗುಂಡಿಯನ್ನು Alt ಒತ್ತಿ ಎರಡಾಗಿ ಸೀಳಿ, ಒಂದನ್ನು 200ಕ್ಕೂ ಇನ್ನೊಂದನ್ನು 245ಕ್ಕೂ ಇಟ್ಟರೆ ಸಾಕು. 200ಕ್ಕಿಂತ ಬೆಳಕಾದ ಕಡೆ ಬಣ್ಣ ಮೆಲ್ಲನೆ ತೆಳುವಾಗುತ್ತದೆ, 245 ದಾಟಿದ ಕಡೆ ಸೂರ್ಯನ ಬಿಳಿ ಹಾಗೆಯೇ ಉಳಿಯುತ್ತದೆ.

ಒಳಗಿನ ಗಾಢ ಭಾಗಕ್ಕೆ ಹಳೆಯ Color ಲೇಯರೇ ಸಾಕು, ಅರ್ಧ Opacityಯಲ್ಲಿ. ಪೂರ್ತಿ ಹಾಕಿದರೆ 28, 24, 22ರ ಕಪ್ಪು 76, 0, 17 ಆಗಿ ಹಸಿರು ಸೊನ್ನೆಗಿಳಿಯುತ್ತದೆ, ಶಾಯಿ ಸುರಿದಂತಾಗಿ ಎಳೆಗಳ ನಡುವಿನ ಸೂಕ್ಷ್ಮ ಭೇದವೆಲ್ಲ ಮುಚ್ಚಿಹೋಗುತ್ತದೆ. ಈ ಲೇಯರ್‌ನ ಮಾಸ್ಕ್ ಒರಟಾಗಿದ್ದರೂ ನಡೆಯುತ್ತದೆ, ಅಂಚಿನೊಂದಿಗೆ ಕೂಡುವ ಜಾಗ ಮಾತ್ರ ನಯವಾಗಬೇಕು. ಅಂಚಿನ ಚಾನೆಲ್ ಅನ್ನು Ctrl ಒತ್ತಿ ಕ್ಲಿಕ್ ಮಾಡಿ ಸೆಲೆಕ್ಷನ್ ಆಗಿಸಿಕೊಂಡು, ಒಳಮಾಸ್ಕ್‌ನಲ್ಲಿ ಅಷ್ಟಕ್ಕೆ ಕಪ್ಪು ತುಂಬಿದರೆ ಒಂದು ತೆಳುವಾದಷ್ಟೂ ಇನ್ನೊಂದು ಏರುತ್ತದೆ. ಇದನ್ನು ಮಾಡದಿದ್ದರೆ ಎರಡು ಬಣ್ಣ ಒಂದರ ಮೇಲೊಂದು ಬಿದ್ದು ನಡುವೆ ಕೊಳಕು ಪಟ್ಟಿ ಉಳಿಯುತ್ತದೆ.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಕೂದಲನ್ನು ನೋಡುವುದಕ್ಕಿಂತ ತೋಪನ್ನು ನೋಡುವುದು ಮೇಲು. ಚಿತ್ರವನ್ನು ಶೇ. 200ಕ್ಕೆ ಹಿಗ್ಗಿಸಿ ಬಣ್ಣದ ಲೇಯರ್‌ಗಳನ್ನು ತೆಗೆದು ಹಾಕಿ ನೋಡಿದಾಗ, ಎಳೆಗಳಾಚೆಯ ಎಲೆಗಳು ಅಲುಗಬಾರದು. ಅವೂ ಬಣ್ಣ ಬದಲಿಸಿದರೆ ಮಾಸ್ಕ್ ಸೋರುತ್ತಿದೆ ಎಂದೇ ಅರ್ಥ.

ಇದೇ ದಾರಿಯಲ್ಲಿ ಕಪ್ಪನ್ನು ಹೊನ್ನಗೂದಲು ಮಾಡಲು ಹೊರಟರೆ ನಿರಾಸೆ ಖಚಿತ. ಹೊನ್ನಗೂದಲಿನಲ್ಲಿ ಬೆಳಕು ಎಳೆಯಿಂದ ಎಳೆಗೆ ದಾಟುತ್ತ ಒಳಗಿನವರೆಗೂ ಹೋಗಿ ಇಡೀ ಜಡೆಯನ್ನು ಬೆಳಗಿಸುತ್ತದೆ. ಕಪ್ಪು ಕೂದಲು ಆ ಬೆಳಕನ್ನು ಮೊದಲ ಕೆಲವು ಎಳೆಗಳಲ್ಲೇ ನುಂಗಿಬಿಟ್ಟಿರುತ್ತದೆ, ಕ್ಯಾಮೆರಾಕ್ಕೆ ಅದು ತಲುಪಿಯೇ ಇರುವುದಿಲ್ಲ. ಇಲ್ಲದ ಬೆಳಕನ್ನು ಬ್ರಷ್‌ನಿಂದ ಬಿಡಿಸುತ್ತ ಕೂರುವ ಬದಲು, ವಿಗ್ ತೊಡಿಸಿ ಇನ್ನೊಂದು ಸಂಜೆ ಫೋಟೊ ತೆಗೆಯುವುದು ಅಗ್ಗ.