ಬಾಯಲ್ಲಿ ಕೂರುವ ಹೆಸರು

ಬೆಂಗಳೂರಿನ ಪ್ಯೂಟ್ರಾನಿಕ್ಸ್ ಕಂಪನಿ 1999ರಲ್ಲಿ ತನ್ನ ಹೆಸರನ್ನೇ ಟ್ಯಾಲಿ ಸಲ್ಯೂಷನ್ಸ್ ಎಂದು ಬದಲಿಸಿಕೊಂಡಿತು. ಜನರ ಬಾಯಲ್ಲಿದ್ದದ್ದು ಅದರ ತಂತ್ರಾಂಶ ಟ್ಯಾಲಿ, ಕಂಪನಿಯಲ್ಲ. ಸಂಜೆ ಗಲ್ಲಾಪೆಟ್ಟಿಗೆ ಎಣಿಸಿ 'ಟ್ಯಾಲಿ ಆಯ್ತಾ?' ಎಂದು ಕೇಳುವ ಅಂಗಡಿಯವರಿಗೆ ಆ ಹೆಸರನ್ನು ವಿವರಿಸಬೇಕಿಲ್ಲ.

ಸಣ್ಣ ವ್ಯಾಪಾರಿ ಇಂಥ ತಂತ್ರಾಂಶ ಕೊಳ್ಳುವುದು ಹೆಚ್ಚಾಗಿ ಪಕ್ಕದಂಗಡಿಯವರ ಅಥವಾ ಆಡಿಟರ್ ಮಾತಿನ ಮೇಲೆ. ಹಾಗಾಗಿ ಹೆಸರಿಗೆ ಫೋನ್ ಪರೀಕ್ಷೆ ಮಾಡಬೇಕು: ಒಮ್ಮೆ ಹೇಳಿ, ಕೇಳಿದವರು ಮೊಬೈಲ್‌ನಲ್ಲಿ ಟೈಪ್ ಮಾಡಲಿ. 'ಖಾತಾ' ಎಂದಿಟ್ಟರೆ ಒಬ್ಬರು khata ಎನ್ನುತ್ತಾರೆ, ಇನ್ನೊಬ್ಬರು katha. ಬೆಂಗಳೂರಿನಲ್ಲಂತೂ ಅದು ಮನೆ-ಸೈಟಿನ ದಾಖಲೆ. ಹುಡುಕಿದರೆ ಇ-ಖಾತಾ ಸಿಕ್ಕೀತು!

'ಲೆಕ್ಕ' ಎಂದೇ ಇಟ್ಟರೆ? ಸರಳವೇನೋ ಹೌದು, ಆದರೆ ಸರಕಿನ ಗುಣವನ್ನಷ್ಟೇ ಹೇಳುವ ಪದಕ್ಕೆ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ದೀರ್ಘ ಬಳಕೆಯಿಂದ ಅದು ನಿಮ್ಮದೇ ಗುರುತಾಗಿದೆ ಎಂದು ತೋರಿಸದಿದ್ದರೆ ನೋಂದಣಿ ಕಷ್ಟ. ನಾಳೆ ಮತ್ತೊಬ್ಬ 'ಲೆಕ್ಕ ಪ್ಲಸ್' ತಂದರೆ ತಡೆಯುವುದೂ ಕಷ್ಟ. ಹಾಗೆಂದು 'ಜಿಎಸ್‌ಟಿ' ಸೇರಿಸಿದರೆ ಸರ್ಕಾರಿ ಆ್ಯಪ್ ಎಂಬ ಭ್ರಮೆ ಹುಟ್ಟುತ್ತದೆ. ತೆರಿಗೆ ನೋಟಿಸಿಗೆ ಹೆದರುವ ಅಂಗಡಿಯವರು ಅದನ್ನು ಮುಟ್ಟಲೂ ಹಿಂಜರಿದಾರು.